‘ತುಪಾಕಿ’ ಅಂದ್ರೆ ತಪ್ಪಾ ಸ್ವಾಮಿ?

ಶುಕ್ರವಾರ ಸಂಜೆ ನಮ್ಮ ಯೂಟ್ಯೂಬ್ ಚಾನೆಲ್ಲಿಗೆ ವಿಡಿಯೋ ಏರಿಸಿ ಚಹಾ ಕುಡಿಯಲು ಸ್ಟೇಷನ್ ರಸ್ತೆಗೆ ಹೋಗಿದ್ದೆ. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಕ್ಯಾಮೆರಾ ಹಿಡಿಯುವ ಹುಡುಗನ ಫೋನು ಬಂತು. "ಸರ, ನಮ್ ವಿಡಿಯೋಕ್ಕ ಹಳದಿ ಬಂದದ ನೋಡ್ರಿ."

ಹಳದಿ ಅಂದರೆ ಏನಂತ ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ. ವಿಡಿಯೋದ ಪಕ್ಕದ ಡಾಲರ್ ಗುರುತು ಹಸಿರಿನ ಬದಲು ಹಳದಿ ಆಗಿದೆ ಅಂತ. ವಿಡಿಯೋ ತೆಗೆದು ಹಾಕಿಲ್ಲ, ಜನ ನೋಡಬಹುದು. ಆದರೆ ಜಾಹೀರಾತು ಮಾತ್ರ ಸೀಮಿತ. ‘ಇಂಥ ವಿಷಯದ ಪಕ್ಕದಲ್ಲಿ ನಮ್ಮ ಜಾಹೀರಾತು ಬಂದರೂ ಪರವಾಗಿಲ್ಲ’ ಅನ್ನುವ ಕೆಲವೇ ಕಂಪನಿಗಳದ್ದು ಬರುತ್ತದೆ. ಅದರಿಂದ ಬರುವ ದುಡ್ಡು ಪೆಟ್ರೋಲಿಗೂ ಸಾಲದು.

ನಾವು ಮಾಡಿದ್ದು ಏನು? ರಾಯಚೂರು ಕೋಟೆಯ ಮೇಲೆ 23 ನಿಮಿಷದ ಸಾಕ್ಷ್ಯಚಿತ್ರ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನಿಂದ ಈ ಕೋಟೆ ಗೆದ್ದ ಕತೆ. ಒಂದು ಹೊಡೆದಾಟದ ದೃಶ್ಯ ಇಲ್ಲ, ನಟರೂ ಇಲ್ಲ. ಕೋಟೆ ಗೋಡೆ, ಕಾಟಿ ದರವಾಜ, ಬುರುಜು, ಕೈಯಲ್ಲಿ ಬರೆದ ನಕ್ಷೆ, ಹಿಂದೆ ನನ್ನ ದನಿ. ಅಷ್ಟೇ. ಸಿನಿಮಾ ಹೀರೋ ಒಬ್ಬನೇ ಮೂವತ್ತು ಜನರನ್ನು ಮಲಗಿಸುವ ತುಣುಕಿಗೆ ಮೇಲೊಂದು ಕೆಳಗೊಂದು ಜಾಹೀರಾತು ಬರುತ್ತಲೇ ಇರುತ್ತದೆ, ಅದು ಬೇರೆ ಮಾತು.

ಮಾಡಿದ ತಪ್ಪು ಅಂದರೆ ಹೆಸರು. ‘ರಾಯಚೂರು ಕೋಟೆಯ ಮೇಲೆ ತುಪಾಕಿ: 1520ರ ಮುತ್ತಿಗೆ’ ಅಂತ ಇಟ್ಟಿದ್ದೆವು.

ಗೆಳೆಯರೆಲ್ಲ ಬುದ್ಧಿ ಹೇಳಿದರು. ತುಪಾಕಿ ತೆಗೆದು ‘ಆಯುಧ’ ಹಾಕಿ. ಇನ್ನೊಬ್ಬರು, ನಡುವೆ ಒಂದು ಚುಕ್ಕಿ ಸೇರಿಸಿ ‘ತು.ಪಾಕಿ’ ಅಂತ ಬರೀರಿ, ಮಷೀನಿಗೆ ಗೊತ್ತಾಗಲ್ಲ ಅಂದರು. ನನಗೆ ಸಿಟ್ಟು ಬಂದದ್ದೇ ಅಲ್ಲಿ. ಆ ಮುತ್ತಿಗೆಯ ಕತೆಯೇ ತುಪಾಕಿಯದು. ಕ್ರಿಸ್ಟೋವಾವ್ ಡಿ ಫಿಗೆಯಿರೆದೊ ಅನ್ನುವ ಪೋರ್ಚುಗೀಸನ ಜೊತೆ ಬಂದ ಕೆಲವೇ ತುಪಾಕಿದಾರರು ಗೋಡೆಯ ಮೇಲೆ ತಲೆ ಎತ್ತಿದವರಿಗೆ ಗುರಿ ಇಟ್ಟರು. ಕೆಳಗೆ ರಾಯನ ಕಡೆಯವರು ಹಾರೆ, ಗುದ್ದಲಿ ಹಿಡಿದು ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರ ನೋಡಿ ದುಡ್ಡು ಕೊಡುತ್ತಿದ್ದರಂತೆ. ಏನು ನಡೆಯುತ್ತಿದೆ ಅಂತ ಗೋಡೆಯಿಂದ ಬಗ್ಗಿ ನೋಡಿದ ಕೋಟೆಯ ಮುಖ್ಯಸ್ಥನ ಹಣೆಗೆ ಗುಂಡು ಬಿತ್ತು. ಮರುದಿನ ಕೋಟೆ ಶರಣಾಯಿತು. ಇದನ್ನೆಲ್ಲ ಬರೆದವನು ಕುದುರೆ ವ್ಯಾಪಾರಿ ನುನೀಜ್, ಸುಮಾರು 1535ರ ಹೊತ್ತಿಗೆ. ರಾಬರ್ಟ್ ಸೆವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ತುಪಾಕಿ ಬಿಟ್ಟು ಈ ಕತೆ ಹೇಳಿ ನೋಡೋಣ!

ಪುನರ್‌ಪರಿಶೀಲನೆಗೆ ಒಂದು ವಿಡಿಯೋಕ್ಕೆ ಒಂದೇ ಅವಕಾಶ. ಅದಕ್ಕೇ ಸಿಟ್ಟಲ್ಲಿ ಗುಂಡಿ ಒತ್ತಲಿಲ್ಲ. ರಾತ್ರಿ ಕೂತು ನಮ್ಮ ಪುಟವನ್ನೇ ಹೊರಗಿನವರ ಹಾಗೆ ಓದಿದೆ. ಆಗ ಒಂದು ವಿಷಯ ಹೊಳೆಯಿತು. ಅದು ಹೊಳೆದ ಮೇಲೆ ಸಿಟ್ಟು ಅರ್ಧ ನಮ್ಮ ಮೇಲೇ ತಿರುಗಿತು.

ವಿವರಣೆಯ ಮೊದಲ ಸಾಲು ಹೀಗಿತ್ತು: ‘ಹಣೆಗೆ ಗುಂಡು! ರಕ್ತದಲ್ಲಿ ಮುಗಿದ ಮುತ್ತಿಗೆ!’ ಜನ ಒತ್ತಲಿ ಅಂತ ಬರೆದದ್ದು, ಸುಳ್ಳು ಹೇಳಲ್ಲ. ಅದರ ಕೆಳಗೆ ಅಧ್ಯಾಯಗಳ ಪಟ್ಟಿ. ‘07:40 ಮದ್ದಿನ ಮನೆ’, ‘15:10 ಗೋಡೆಯ ಗುಂಡುಗಳು’. ನಮಗೆ ಮದ್ದಿನ ಮನೆ ಅಂದರೆ ಕೋಟೆಯಲ್ಲಿ ಫಿರಂಗಿ ಮದ್ದು ಇಡುತ್ತಿದ್ದ ಜಾಗ. ಕನ್ನಡ ತಿಳಿಯದವರು ನಿಘಂಟು ತೆಗೆದರೆ ಮದ್ದು ಅಂದರೆ ಔಷಧಿ. ಕೆಟ್ಟ ಅನುವಾದ ಆದರೆ ಇನ್ನೇನೋ. ಗುಂಡು ಅಂತೂ ಕೇಳಲೇಬೇಡಿ. ತುಪಾಕಿಯ ಗುಂಡೂ ಗುಂಡೇ, ನಮ್ಮ ಗುಡ್ಡದ ಮೇಲಿನ ಬಂಡೆಯೂ ಗುಂಡೇ, ಸಂಜೆ ಕೆಲವರು ಹಾಕುವುದೂ ಗುಂಡೇ. 15:10ರಲ್ಲಿ ನಾವು ತೋರಿಸಿದ್ದು ಬರೀ ಕಲ್ಲುಬಂಡೆ!

ಮಷೀನು ಯಾವ ಪದಕ್ಕೆ ಬೆಚ್ಚಿತೋ ಯೂಟ್ಯೂಬಿನವರು ಹೇಳುವುದಿಲ್ಲ. ‘ಹೆಚ್ಚಿನ ಜಾಹೀರಾತುದಾರರಿಗೆ ಸೂಕ್ತವಲ್ಲ’ ಅಂದರು, ಮುಗೀತು. ಯಾವ ನಿಮಿಷ, ಯಾವ ಸಾಲು ಅಂತ ಹೇಳಿದ್ದರೆ ನಾನು ರಾತ್ರಿ ಎರಡರ ತನಕ ಕೂರುತ್ತಿರಲಿಲ್ಲ.

ಮೊದಲು ವಿವರಣೆ ಸರಿ ಮಾಡಿದೆ. ಆ ಮೊದಲ ಸಾಲು ಕಿತ್ತು ಹಾಕಿ ಹೀಗೆ ಬರೆದೆ: ‘1520ರ ರಾಯಚೂರು ಮುತ್ತಿಗೆಯ ಇತಿಹಾಸ. ನುನೀಜನ ಬರಹ ಮತ್ತು ಕೋಟೆಯಲ್ಲಿ ಇಂದಿಗೂ ಕಾಣುವ ಗುರುತುಗಳ ಆಧಾರದ ಮೇಲೆ.’ ಅಧ್ಯಾಯಗಳಲ್ಲಿ ‘ಫಿರಂಗಿ ಮದ್ದು ಇಡುತ್ತಿದ್ದ ಕೋಣೆ’, ‘ಗೋಡೆಯ ಬಂಡೆಗಲ್ಲು’ ಅಂತ ಬದಲಿಸಿದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಬ್‌ಟೈಟಲ್ ನಾವೇ ಬರೆದು ಸೇರಿಸಿದೆವು. ತಾನಾಗಿ ಬಂದ ಸಬ್‌ಟೈಟಲ್ಲಿನಲ್ಲಿ ‘ಬುರುಜು’ ಏನೇನೋ ಆಗಿ ಕೂತಿತ್ತು. ಹೆಸರು ಮಾತ್ರ ಮುಟ್ಟಲಿಲ್ಲ.

ಆಮೇಲೆ ಪತ್ರ. ಬರೆಯಲು ಕೊಟ್ಟ ಜಾಗ ಚಿಕ್ಕದು. ಅಷ್ಟರಲ್ಲಿ ಅಳುವುದೋ ವಿಷಯ ಹೇಳುವುದೋ? ಮೊದಲ ಕರಡಿನಲ್ಲಿ ಎರಡು ತಿಂಗಳ ಶ್ರಮ, ಬಿಸಿಲು, ಸಾಲ ಎಲ್ಲ ತುಂಬಿಸಿದ್ದೆ. ಓದಿದ ಹುಡುಗ, "ಸರ, ಇದ್ರಾಗ ವಿಡಿಯೋದಾಗ ಏನದ ಅಂತ ಎಲ್ಲೂ ಬಂದೇ ಇಲ್ಲಲ್ರೀ" ಅಂದ. ಹೌದಲ್ವಾ? ಎಲ್ಲ ಅಳಿಸಿ ಇಷ್ಟು ಕಳಿಸಿದೆ:

‘ಇದು 500 ವರ್ಷ ಹಿಂದಿನ ಮುತ್ತಿಗೆಯ ಸಾಕ್ಷ್ಯಚಿತ್ರ. ಹೆಸರಿನಲ್ಲಿರುವ ತುಪಾಕಿ ಅಂದರೆ 16ನೇ ಶತಮಾನದ ಬತ್ತಿ ಹಚ್ಚಿ ಹಾರಿಸುವ ಬಂದೂಕು. ಅದು ಈ ಯುದ್ಧದ ಗತಿ ಬದಲಿಸಿತು, ಅದಕ್ಕೇ ಹೆಸರಿನಲ್ಲಿದೆ. ಇಂದಿನ ಯಾವ ಆಯುಧವನ್ನೂ ತೋರಿಸಿಲ್ಲ, ಮಾರಿಲ್ಲ, ಮಾಡುವುದು ಹೇಗೆಂದು ಹೇಳಿಲ್ಲ. ಮುಖ್ಯಸ್ಥನ ಸಾವು 16:20ರಿಂದ 16:55ರ ತನಕ ಬರುತ್ತದೆ. ಅಲ್ಲಿ ಪರದೆಯ ಮೇಲೆ ಇರುವುದು ಖಾಲಿ ಗೋಡೆ. ರಕ್ತ, ಗಾಯ, ಹೆಣದ ಚಿತ್ರ ಎಲ್ಲೂ ಇಲ್ಲ. 07:40ರ ಮದ್ದು ಅಂದರೆ ಫಿರಂಗಿಗೆ ತುಂಬುವ ಪುಡಿ, ಅಮಲಿನ ವಸ್ತುವಲ್ಲ. ವಿವರಣೆಯ ಮೊದಲ ಸಾಲು ಅತಿಯಾಗಿತ್ತು, ತಿದ್ದಿದ್ದೇವೆ. ದಯವಿಟ್ಟು ಕನ್ನಡ ಓದಬಲ್ಲವರು ನೋಡಲಿ.’

ಕೊನೆಯ ಸಾಲು ಬರೆಯುವಾಗ ಕೈ ನಡುಗಿತು. ಕೋಟಿಗಟ್ಟಲೆ ಜನ ಆಡುವ ಭಾಷೆ, ಅದನ್ನು ಓದುವವರು ಬೇಕು ಅಂತ ಬೇಡಿಕೊಳ್ಳಬೇಕಾ?

ಶನಿವಾರ, ಭಾನುವಾರ ಹೋಯಿತು. ನಮ್ಮಂಥ ಚಿಕ್ಕ ಚಾನೆಲ್ಲಿನ ವಿಡಿಯೋ ನೋಡುವವರು ಹೆಚ್ಚಿನವರು ಮೊದಲ ಮೂರು ದಿನದಲ್ಲೇ ನೋಡಿ ಮುಗಿಸುತ್ತಾರೆ. ಆ ಮೂರೂ ದಿನ ಹಳದಿ. ಗುರುವಾರ ಬೆಳಗ್ಗೆ ಮೇಲ್ ಬಂತು, ಎರಡೇ ಸಾಲು. ಪರಿಶೀಲಿಸಿದ್ದೇವೆ, ವಿಡಿಯೋ ಎಲ್ಲ ಜಾಹೀರಾತಿಗೂ ಸೂಕ್ತವಾಗಿದೆ. ಹಸಿರು! ಕಳೆದ ಆರು ದಿನದ ದುಡ್ಡು? ಅದರ ಮಾತೇ ಇಲ್ಲ. ಹಳದಿ ಇದ್ದಾಗ ನೋಡಿದವರ ಲೆಕ್ಕ ಹೋದದ್ದು ಹೋಯಿತು, ತಿರುಗಿ ಬರುವುದಿಲ್ಲ.

ಈಗ ಏರಿಸಿದ ಕೂಡಲೇ ಪ್ರಕಟಿಸುವುದನ್ನು ಬಿಟ್ಟಿದ್ದೇವೆ. ಖಾಸಗಿಯಾಗಿ ಏರಿಸಿ, ಪರೀಕ್ಷೆ ಮುಗಿದು ಬಣ್ಣ ಗೊತ್ತಾಗುವ ತನಕ ಕಾಯುತ್ತೇವೆ. ಹಳದಿ ಬಂದರೆ ಜಗಳ ಅಲ್ಲೇ ಮುಗಿಸಿ ಆಮೇಲೆ ಬಾಗಿಲು ತೆರೆಯುವುದು. ಮುಂದಿನದು ಮುದಗಲ್ ಕೋಟೆ. ನಿನ್ನೆ ಏರಿಸಿದ್ದೇವೆ, ಇನ್ನೂ ಪರಿಶೀಲನೆಯಲ್ಲಿದೆ. ಹುಡುಗ ಗಂಟೆಗೊಮ್ಮೆ ಫೋನು ಮಾಡುತ್ತಿದ್ದಾನೆ, "ಇನ್ನೂ ಬಣ್ಣ ಬಂದಿಲ್ರೀ ಸರ."