'ಮೇಡಂ' ಅಂದ್ರೆ ಮುಗೀತು

ತರಕಾರಿ ಅಂಗಡಿಲಿ ನಿಮ್ಮನ್ನ "ಬನ್ನಿ ಮೇಡಂ, ಏನ್ ಕೊಡ್ಲಿ ಮೇಡಂ" ಅಂತ ಕರೆದ್ರೆ ಖುಷಿ ಪಡ್ಬೇಡಿ, ಅವತ್ತು ನಿಮ್ಗೆ ಹೇಳೋದೂ ಮೇಡಂ ರೇಟೇ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ನಾನು ಖಾಯಂ ತರಕಾರಿ ತಗೊಳೋ ಅಕ್ಕ ಇದಾಳೆ, ನನ್ನ ಕಂಡ ಕೂಡ್ಲೆ ಪಕ್ಕದವಳಿಗೆ ಹೇಳೋದು "ಬಂತು ನೋಡು, ಐದ್ ರುಪಾಯಿಗೆ ಅರ್ಧ ಗಂಟೆ ನಿಲ್ಲೋ ಗಿರಾಕಿ" ಅಂತ. ನಾನೂ ಬಿಡಲ್ಲ, "ಈ ಬೆಂಡೆಕಾಯಿ ಪಲ್ಯಕ್ಕಾ ಇಲ್ಲ ದನ ಹೊಡ್ಯೋಕಾ" ಅಂತ ಒಂದ್ರ ತುದಿ ಮುರೀತೀನಿ. ಟಪ್ ಅಂತ ಮುರಿದ್ರೆ ಎಳೇದು, ಬಗ್ಗಿ ನಾರು ಹಿಡ್ಕೊಂಡು ನೇತಾಡಿದ್ರೆ ಬಲಿತದ್ದು. ಟಪ್ ಅಂದ್ರೂ ಮುಖ ಮಾತ್ರ ಹುಳಿ ಹುಳಿ ಮಾಡ್ಕೋಬೇಕು, ಅದು ಪದ್ಧತಿ. "ಮುರ್ದಿದ್ದೆಲ್ಲ ನಿನ್ ಚೀಲಕ್ಕೇ ಹಾಕದು, ಮುರಿ ಇನ್ನೂ ಮುರಿ" ಅಂತಾಳೆ.

ನೋಡ್ದವ್ರಿಗೆ ಇವ್ರಿಬ್ರಿಗೂ ಜಗಳ ಅನ್ಸತ್ತೆ, ಆದ್ರೆ ಇದಕ್ಕೆ ಬರೆದಿಡದ ಕಾನೂನು ಬೇಕಾದಷ್ಟಿದೆ. ಬೈಗುಳ ಮಾಲಿನ ಮೇಲೆ ಬೀಳ್ಬೋದು, ರೇಟಿನ ಮೇಲೆ ಬೀಳ್ಬೋದು, ನನ್ನ ಜಿಪುಣತನದ ಮೇಲಂತೂ ದಿನಾ ಬೀಳತ್ತೆ, ತೂಕದ ಮೇಲೆ ಮಾತ್ರ ಬೀಳ್ಬಾರ್ದು. "ತಕ್ಕಡಿ ಸರಿ ಇದ್ಯಾ" ಅಂತ ನಗ್ತಾ ಕೇಳಿದ್ರೂ ಅದು ಕಳ್ಳಿ ಅಂದಂಗೇ. ಬೆಳಿಗ್ಗೆ ಬೋಣಿ ಆಗೋಕ್ ಮುಂಚೆ ಒಂದಕ್ಷರ ಎತ್ತಂಗಿಲ್ಲ. ಗುರ್ತಿಲ್ಲದ ಗಿರಾಕಿ ಬದನೆಕಾಯಿ ಆರಿಸ್ತಾ ನಿಂತಿದ್ರೆ "ಎಲ್ಲ ಹುಳುಕು" ಅಂತ ಕೂಗೋದು ತಮಾಷೆ ಅಲ್ಲ, ಪಾಪ ಅವಳ ವ್ಯಾಪಾರಕ್ಕೆ ಕಲ್ಲು. ಆಮೇಲೆ ಮುಖ್ಯವಾದ್ದು, ನೀವು ಹೇಳಿದ ರೇಟಿಗೆ ಅವಳು "ಹಾಳಾಗ್ ಹೋಗ್ಲಿ ತಗೋ" ಅಂದ್ಮೇಲೆ ತಗೊಳ್ಲೇಬೇಕು. ಚೌಕಾಶಿ ಮಾಡಿ ಮಾಡಿ ಕೊನೆಗೆ ಬೇಡ ಅಂತ ಹೊರಡೋವ್ರು ಇದಾರಲ್ಲ, ಅವ್ರಿಗೆ ಮಾರನೇ ದಿನದಿಂದ ಮೇಡಂ ಪಟ್ಟ.

ಈ ಬೈದಾಟದ ನಿಜವಾದ ಮಜಾ ಇರೋದು ಉಪ್ಪಿನಕಾಯಿಗೆ ಹಾಕೋ ಎಳೇ ಮಾವು, ಅಪ್ಪೆಮಿಡಿ ಸೀಸನ್ನಲ್ಲಿ. ಮಾರ್ಚ್ ಹೊತ್ತಿಗೆ ಅಕ್ಕ ಬೆಂಡೆ ಬದನೆ ಎಲ್ಲ ಒಂದ್ ಮೂಲೆಗೆ ತಳ್ಳಿ ಮಿಡಿ ಚೀಲ ಬಿಚ್ಚಿ ಕೂತಿರ್ತಾಳೆ, ಜಿಐ ಟ್ಯಾಗ್ ಬಂದ್ಮೇಲೆ ಮಿಡಿಗೆ ಜಂಭ ಬಂತೋ ಇಲ್ವೋ ಮಾರೋವ್ರಿಗಂತೂ ಬಂದಿದೆ. ಹೋದ ವರ್ಷ ನೂರಕ್ಕೆ 300 ಅಂದ್ಲು. "ಮಿಡಿ ಅಂತೀಯಾ ಇದಕ್ಕೆ? ಮದ್ವೆ ವಯಸ್ಸಿಗೆ ಬಂದಿದಾವೆ ಮಾರಾಯ್ತಿ, ಗಂಡು ನೋಡು" ಅಂದೆ. ಬರೀ ತಮಾಷೆಗೆ ಅಂದಿದ್ದಲ್ಲ ಅದು, ಗೊರಟು ಬಲಿತಿದ್ಯಾ ಅಂತ ಕೇಳೋ ರೀತಿ. ನೇರ ಕೇಳಿದ್ರೆ ಯಾರಾದ್ರೂ "ಇಲ್ಲ ಒಳ್ಳೇದು" ಅಂತಾರೆ, ಹೀಗೆ ಚುಚ್ಚಿದ್ರೆ ಮಾತ್ರ ಮಾನ ಉಳಿಸ್ಕೊಳೋಕೆ ಚಾಕು ತೆಗೆದು ಒಂದು ಮಿಡಿ ಎರಡು ಹೋಳು ಮಾಡಿ ತೋರಿಸ್ತಾರೆ. ಚಾಕು ಸಲೀಸಾಗಿ ಇಳೀತು, ಗೊರಟು ಇನ್ನೂ ಕಟ್ಟಿರ್ಲಿಲ್ಲ.

ಸರಿ, ಎರಡನೇ ಬಾಣ. "ಮರ ಅಲ್ಲಾಡ್ಸಿ ಉದುರ್ಸಿದ್ದು ಇದು, ಗುಡಿಸಿ ತುಂಬ್ಕೊಂಡ್ ಬಂದಿದೀಯ." ನೆಲಕ್ಕೆ ಬಿದ್ದ ಮಿಡಿಗೆ ಪೆಟ್ಟಾಗಿರತ್ತೆ, ಅವತ್ತು ಕಾಣಲ್ಲ, ಉಪ್ಪಲ್ಲಿ ಹಾಕಿದ್ಮೇಲೆ ಅಲ್ಲಿಂದ್ಲೇ ಮೆತ್ತಗಾಗಿ ಜಾಡಿನೇ ಕೆಡತ್ತೆ, ಅದಕ್ಕೇ ಕೈಯಲ್ಲಿ ತೊಟ್ಟು ಸಮೇತ ಕುಯ್ದಿದ್ದೇ ಆಗ್ಬೇಕು. ಅಕ್ಕಂಗೆ ಸಿಟ್ಟು ಬಂದ್ಹಾಗೆ ಮಾಡಿ "ನನ್ ಗಂಡ ಮರ ಹತ್ತಿ ಸೊಂಟಕ್ಕೆ ಚೀಲ ಕಟ್ಕೊಂಡು ಒಂದೊಂದೇ ಕುಯ್ದಿದ್ದು, ನಿನ್ ಗಂಡನ್ನ ಹತ್ತಿಸು ನೋಡಣ, ಕೊಂಬೆ ಉಳಿಯತ್ತಾ ಅಂತ" ಅಂದು ಒಂದ್ರ ತೊಟ್ಟು ಪಟಕ್ಕಂತ ಮುರಿದ್ಲು. ಸೊನೆ ಚಿಮ್ಮಿ ನನ್ ಸೀರೆ ಮೇಲೆ. ಪರಿಮಳ ಪಕ್ಕದ ಅಂಗಡಿಗೂ ಹೋಯ್ತು. ಸೊನೆ ಹಾಗೆ ಚಿಮ್ಮಿದ್ಮೇಲೆ ನಾನು ಇನ್ನೇನ್ ಮಾತಾಡ್ಲಿ, ಸೀರೆ ಕಲೆ ಹೇಳ್ಕೊಂಡು 220ಕ್ಕೆ ಇಳಿಸ್ದೆ. ಸೊನೆ ಕಲೆ ಹೋಗಲ್ಲ ಅನ್ನೋದು ಬೇರೆ ಮಾತು.

ಆಮೇಲೆ ಎಣಿಕೆ. ಕೈಗೆ ಐದೈದರಂತೆ ಇಪ್ಪತ್ತು ಸಲ, ಮೊದಲ್ನೇದು "ಲಾಭ", ಆಮೇಲೆ ಎರಡು, ಮೂರು. ಈ ಹೊತ್ತಲ್ಲಿ ಅವಳ ಬಾಯಿಗೆ ಬೀಗ, ನನ್ ಬಾಯಿಗೆ ಹಬ್ಬ. ಹನ್ನೊಂದ್ರ ಹತ್ರ ಬಂದಾಗ "ಮಗಳಿಗೆ ಎಷ್ಟನೇ ತಿಂಗ್ಳು ಈಗ" ಅಂತ ಕೇಳಿದೆ. "ಏಳು" ಅಂದ್ಲು, ಮುಂದಿನ್ ಕೈ "ಎಂಟು" ಅಂತ ಹಾಕಿದ್ಲು, ತಕ್ಷಣ ಗೊತ್ತಾಗಿ "ಥೂ ನಿನ್ನ" ಅಂತ ಪೂರಾ ಸುರಿದು ಮತ್ತೆ ಲಾಭದಿಂದ ಶುರು ಮಾಡಿದ್ಲು. ಕೊನೇಲಿ ಕೊಸರು ಅಂತ ಒಂದ್ ಕೈ ಹಾಕಿದ್ಲು, ನಾನು ಚೀಲದ ಬಾಯಿ ಮುಚ್ಲಿಲ್ಲ, "ತಗೊಂಡು ತೊಲಗು" ಅಂತ ಇನ್ನೊಂದ್ ಕೈ. ಮಗಳ ಸುದ್ದಿ ಪೂರ್ತಿ ಹೇಳಿದ್ದು ಅದಾದ್ಮೇಲೆ, ದುಡ್ಡು ಕೊಟ್ಟು ಚೀಲ ಕಟ್ಟಿದ್ಮೇಲೆ.

ಇದನ್ನೆಲ್ಲ ಪಕ್ಕದಲ್ಲಿ ನಿಂತು ನೋಡ್ತಾ ಇದ್ದಿದ್ದು ನಮ್ ಭಾವ, ನನ್ನ ಸ್ವಂತ ಅಕ್ಕನ ಗಂಡ, ಬೆಂಗ್ಳೂರವ್ರು, ರಜಕ್ಕೆ ಬಂದಿದ್ರು. "ಓ ಇಷ್ಟೇನಾ, ಬೈದ್ರೆ ಕಮ್ಮಿ ಮಾಡ್ತಾರೆ" ಅಂದ್ಕೊಂಡು ಮಾರನೇ ದಿನ ಯಾರಿಗೂ ಹೇಳ್ದೆ ಬೆಳ್ಳಂಬೆಳಿಗ್ಗೆ ಒಬ್ರೇ ಹೋಗಿದಾರೆ. ತರಕಾರಿ ಅಕ್ಕ ಗೋಣಿ ಹಾಸ್ತಾ ಇದ್ಲಂತೆ, ಅಂದ್ರೆ ಬೋಣಿ ಇಲ್ಲ. ಹೋಗಿದ್ದೇ "ಏನಮ್ಮಾ ಎಲ್ಲ ನೆಲಕ್ಕೆ ಬಿದ್ದಿದ್ದು, ಲೆಕ್ಕಾನಾದ್ರೂ ಸರಿ ಇರತ್ತಾ" ಅಂದ್ರಂತೆ. ಒಂದೇ ಉಸಿರಲ್ಲಿ ಎಷ್ಟು ಕಾನೂನು ಮುರಿಬೋದೋ ಅಷ್ಟೂ ಮುರಿದಿದಾರೆ. ಅಕ್ಕ ಒಂದ್ ಮಾತೂ ಬೈಲಿಲ್ಲ. ತಣ್ಣಗೆ "ಮುನ್ನೂರೈವತ್ತು ಸರ್" ಅಂದ್ಲಂತೆ. ಕಮ್ಮಿ ಮಾಡು ಅಂದ್ರೆ "ಆಗಲ್ಲ ಸರ್". ಸರ್ ಅಂದ್ಮೇಲೆ ಅಲ್ಲಿಗೆ ಮುಗೀತು, ಇವ್ರಿಗೆ ಅದು ಮರ್ಯಾದೆ ಅನ್ಸಿದೆ, ಮನೆಗ್ ಬಂದು "ಹೆಂಗಸು ತುಂಬಾ ಪೊಲೈಟು, ಆದ್ರೆ ರೇಟು ಜಾಸ್ತಿ" ಅಂದ್ರು.

ಮುಂದೆ ಎಲ್ಲೋ ನೂರಕ್ಕೆ 120ರಂಗೆ ಸಿಕ್ತು ಅಂತ ಐನೂರು ಮಿಡಿ ತಂದು ಗೆದ್ದವ್ರ ಹಾಗೆ ಸುರಿದ್ರು. ತೊಟ್ಟೇ ಇಲ್ಲ. ನಾನು ಏನೂ ಹೇಳ್ಲಿಲ್ಲ, ಭಾವ ಅಲ್ವಾ. ಬೆಂಗ್ಳೂರಿಗೆ ಹೋಗಿ ಉಪ್ಪಲ್ಲಿ ಹಾಕಿದಾರೆ, ಒಳ್ಳೆ ಮಿಡಿ ಆಗಿದ್ರೆ ನೀರು ಬಿಟ್ಕೊಂಡು ಸುಕ್ಕಾಗಿ ಗಟ್ಟಿಯಾಗಿ ಇರ್ಬೇಕು, ಇವು ಮೆತ್ತಗಾಗಿ ಮೇಲೆ ನೊರೆ ಬಂದು ಮುಚ್ಚಳ ತೆಗೆದ್ರೆ ಕೆಳಗಿನ್ ಮನೆಯವ್ರು ಡ್ರೈನೇಜ್ ಬ್ಲಾಕ್ ಆಗಿದ್ಯಾ ಅಂತ ಕೇಳೋಕ್ ಬಂದ್ರಂತೆ. ನನ್ನ ಸ್ವಂತ ಅಕ್ಕ ಫೋನಲ್ಲಿ ಭಾವನ್ನ ಬೈದ ಬೈಗುಳದಲ್ಲಿ ಚೌಕಾಶಿಗೆ ಜಾಗಾನೇ ಇರ್ಲಿಲ್ಲ.

ರೇಟೇ ಇಳಿಯದ ಕಡೆನೂ ನಡೆಯತ್ತೆ ಇದು. ನಮ್ ಬೀದಿ ಕಿರಾಣಿ ಅಂಗಡಿಲಿ ಪ್ಯಾಕೆಟ್ ಮೇಲೆ ಎಂಆರ್‌ಪಿ ಅಚ್ಚಾಗಿರತ್ತೆ, ಒಂದ್ ಪೈಸೆ ಕಮ್ಮಿ ಆಗಲ್ಲ ಅಂತ ಇಬ್ರಿಗೂ ಗೊತ್ತು. ಆದ್ರೂ "ಹೋದ್ಸಲದ ಬೇಳೆಲಿ ಕಲ್ಲು ಸಿಕ್ತು" ಅಂದ್ರೆ "ಕಲ್ಲಿಗೆ ದುಡ್ಡು ಹಾಕಿಲ್ಲ ಅಕ್ಕಾ, ಬೇಕಾದ್ರೆ ವಾಪಸ್ ತನ್ನಿ" ಅಂತ ಉತ್ತರ ರೆಡಿ. ಹಾಗಂದವ್ರೇ ಜೇಬಲ್ಲಿ ದುಡ್ಡಿಲ್ದೆ ಹೋದ ದಿನ ಕೇಳ್ದೆನೇ ಪುಸ್ತಕದಲ್ಲಿ ಬರ್ಕೊಂಡು ಕಳಿಸ್ತಾರೆ.

ಭಾವನ ಮಿಡಿ ಕಥೆನ ತರಕಾರಿ ಅಕ್ಕಂಗೆ ಹೇಳ್ದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಅವಳಿಗೆ. "ಬರೋ ವರ್ಷ ಅವ್ರನ್ನ ಬೋಣಿ ಆದ್ಮೇಲೆ ಕರ್ಕೊಂಡ್ ಬಾ, ಬೈಯೋದು ಹೆಂಗೆ ಅಂತ ನಾನೇ ಕಲಿಸ್ತೀನಿ" ಅಂದ್ಲು. ಫೀಸು ಎಷ್ಟು ಅಂದೆ. "ನೂರಕ್ಕೆ 350. ನಿಂಗೆ ಕಮಿಷನ್ ಇಲ್ಲ."