ಸರ್ವರಿನ ಕೆಲಸದ ಸಾಲು ಬಂದ ಕ್ರಮದಲ್ಲೇ ಸಾಗಬೇಕೇ?

ಪರ: ಆದ್ಯತೆಯ ಹೆಸರಿನಲ್ಲಿ ಹೂತುಹೋಗುವ ಕೆಲಸಗಳು

ಗಂಟೆಗೆ 10 ಕೆಲಸ ಮುಗಿಸಬಲ್ಲ ಸರ್ವರಿಗೆ ಗಂಟೆಗೆ 9 ತುರ್ತು ಕೆಲಸಗಳೂ 2 ಸಾಮಾನ್ಯ ಕೆಲಸಗಳೂ ಬರುತ್ತವೆ ಎಂದಿಟ್ಟುಕೊಳ್ಳೋಣ. ಆದ್ಯತೆಯ ಕ್ರಮದಲ್ಲಿ ತುರ್ತಿನವು ಮುಗಿದ ಮೇಲೆ ಸಾಮಾನ್ಯ ಕೆಲಸಗಳಿಗೆ ಉಳಿಯುವುದು ಒಂದೇ ಜಾಗ. ಹೀಗೆ ಗಂಟೆಗೊಂದರಂತೆ ದಿನಕ್ಕೆ 24 ಕೆಲಸಗಳು ಬಾಕಿಯಾಗುತ್ತವೆ. ತುರ್ತಿನವು 10 ಮುಟ್ಟಿದವೋ, ಸಾಮಾನ್ಯ ಕೆಲಸ ಒಂದೂ ಮುಂದೆ ಸರಿಯದು. ಇದಕ್ಕಿಂತ ಕೆಟ್ಟದ್ದೆಂದರೆ, ಇದು ಲೆಕ್ಕದಲ್ಲಿ ಕಾಣಿಸುವುದಿಲ್ಲ. ಕಾಯುವಿಕೆಯ ಸರಾಸರಿಯನ್ನು ಮುಗಿದ ಕೆಲಸಗಳಿಂದ ತೆಗೆಯುವುದರಿಂದ, ಮುಗಿಯದೇ ಬಿದ್ದಿರುವವು ಅದರೊಳಗೆ ಬರುವುದೇ ಇಲ್ಲ. ಸಾಲಿನಲ್ಲಿರುವ ಅತ್ಯಂತ ಹಳೆಯ ಕೆಲಸದ ವಯಸ್ಸನ್ನು ನೋಡಿದಾಗ ಮಾತ್ರ ನಿಜ ತಿಳಿಯುತ್ತದೆ.

ನಾನು ಹಿಂದೆ ದುಡಿಯುತ್ತಿದ್ದ ಕಡೆ ಲೆಕ್ಕಪತ್ರಗಳನ್ನು ತಾಳೆ ನೋಡುವ ಕೆಲಸಕ್ಕೆ ಕೆಳಗಿನ ಆದ್ಯತೆ ಕೊಟ್ಟಿದ್ದರು. ತಿಂಗಳ ಕೊನೆಗೆ ತುರ್ತಿನ ಕೆಲಸಗಳು ಏರಿದಾಗಲೆಲ್ಲ ಅದು ನಿಲ್ಲುತ್ತಿತ್ತು, ಅದು ಬೇಕಾಗುತ್ತಿದ್ದುದೂ ಆಗಲೇ. ಬೇರೆ ತಂಡದವರು ಈ ಮರ್ಮವನ್ನು ಬೇಗ ಅರಿತು ತಮ್ಮ ಕೆಲಸಗಳಿಗೆಲ್ಲ ‘ತುರ್ತು’ ಚೀಟಿ ಅಂಟಿಸತೊಡಗಿದರು. ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲವೂ ತುರ್ತಾಗಿ, ಆ ತುರ್ತಿನ ಸಾಲಿನೊಳಗೆ ಮತ್ತೆ ಬಂದ ಕ್ರಮವೇ ನಡೆಯುತ್ತಿತ್ತು. ಪ್ರಾಮಾಣಿಕವಾಗಿ ‘ಸಾಮಾನ್ಯ’ ಎಂದು ಬರೆದವರು ಮಾತ್ರ ಹಿಂದೆ ಉಳಿದರು. ಆದ್ಯತೆಯನ್ನು ಕೆಲಸ ಕಳುಹಿಸುವವರೇ ನಿರ್ಧರಿಸುವಲ್ಲಿ ಇದು ತಪ್ಪಿದ್ದಲ್ಲ.

ಉದ್ದನೆಯ ಕೆಲಸವೊಂದು ಸಾಲಿನ ಬಾಯಲ್ಲಿ ಕುಳಿತರೆ ಗತಿಯೇನು ಎಂದು ಕೇಳುವವರಿದ್ದಾರೆ. ಅದನ್ನು ತುಂಡು ಮಾಡಿ ಕಳುಹಿಸದವರನ್ನು ಕೇಳಬೇಕಾದ ಪ್ರಶ್ನೆ ಅದು.

ವಿರೋಧ: ಎಲ್ಲ ಕೆಲಸವೂ ಒಂದೇ ಅಳತೆಯದಲ್ಲ

ಈ ಪಕ್ಷವನ್ನು ನನಗೆ ವಹಿಸಲಾಗಿದೆ. ಚೀಟಿಯ ಹಾವಳಿಯ ಬಗ್ಗೆ ಎದುರು ಪಕ್ಷದವರು ಹೇಳಿದ್ದನ್ನು ನಾನೂ ಕಂಡಿದ್ದೇನೆ. ಆದರೂ ಉದ್ದನೆಯ ಕೆಲಸದ ಪ್ರಶ್ನೆಯನ್ನು ಅವರು ಎರಡು ಸಾಲಿನಲ್ಲಿ ದಾಟಿಸಿಬಿಟ್ಟರು. 60 ನಿಮಿಷದ ಒಂದು ಕೆಲಸದ ಹಿಂದೆ 2 ನಿಮಿಷದ ಐದು ಕೆಲಸಗಳು ನಿಂತಿದ್ದರೆ, ಬಂದ ಕ್ರಮದಲ್ಲಿ ಸರಾಸರಿ ಕಾಯುವಿಕೆ ಸುಮಾರು 53 ನಿಮಿಷ. ಚಿಕ್ಕವನ್ನು ಮೊದಲು ಮುಗಿಸಿದರೆ ಅದು 5 ನಿಮಿಷಕ್ಕೆ ಇಳಿಯುತ್ತದೆ, ದೊಡ್ಡ ಕೆಲಸಕ್ಕೆ ತಗಲುವ ವಿಳಂಬ 10 ನಿಮಿಷ ಮಾತ್ರ. ದೊಡ್ಡದು ಆಗಲೇ ಶುರುವಾಗಿದ್ದರೆ, ಅದನ್ನು ನಡುವೆ ನಿಲ್ಲಿಸುವ ಅನುಕೂಲವಿಲ್ಲದೆ ಆದ್ಯತೆಯಿಂದಲೂ ಪ್ರಯೋಜನವಿಲ್ಲವೆಂಬುದನ್ನು ಒಪ್ಪುತ್ತೇನೆ.

ಕಾದಷ್ಟೂ ಕೆಲಸದ ಆದ್ಯತೆಯನ್ನು ಏರಿಸುತ್ತ ಹೋದರೆ ಹೂತುಹೋಗುವ ಭಯ ಬಹುಮಟ್ಟಿಗೆ ತಗ್ಗುತ್ತದೆ. 10ರ ಶಕ್ತಿಗೆ 11 ಬಂದಾಗ ಅದೂ ಸಾಲದು, ನಿಜ. ಆದರೆ ಆ ಸರ್ವರನ್ನೇ ಬಂದ ಕ್ರಮದಲ್ಲಿ ಒಂದು ದಿನ ಓಡಿಸಿ ನೋಡಿ: ಅಲ್ಲಿಯೂ 24 ಬಾಕಿ ಉಳಿಯುತ್ತವೆ, ಆಮೇಲೆ ಬಂದ ಪ್ರತಿ ಕೆಲಸವೂ ಸುಮಾರು ಎರಡೂವರೆ ಗಂಟೆ ಕಾಯುತ್ತದೆ. ಅವುಗಳಲ್ಲಿ 10 ನಿಮಿಷದ ಅವಧಿಯ ಓಟಿಪಿ ಸಂದೇಶವೊಂದಿದ್ದರೆ, ಸರ್ವರ್ ಅದನ್ನು ಶ್ರದ್ಧೆಯಿಂದ ಕಳುಹಿಸುವ ಹೊತ್ತಿಗೆ ಅದು ಯಾರಿಗೂ ಬೇಡವಾಗಿರುತ್ತದೆ.