ಅಸಲಿ ಲಿಂಕಿಗೆ ಮುಖವಿಲ್ಲ, ನಕಲಿಗೆ ಮೇಕಪ್ ಇದೆ

ಒಂದೇ ಗ್ರೂಪಿಗೆ ಒಂದೇ ದಿನ ಎರಡು ಲಿಂಕ್ ಬಂದು ಬೀಳುತ್ತವೆ. ಮೊದಲನೆಯದರ ಮೇಲೆ ಅಂದವಾದ ಚಿತ್ರ, ಅದರಡಿ ‘ವಿದ್ಯಾರ್ಥಿವೇತನ: ಇಂದೇ ಅರ್ಜಿ ಹಾಕಿ’ ಎಂಬ ದಪ್ಪಕ್ಷರದ ಶೀರ್ಷಿಕೆ, ಅದರ ಕೆಳಗೆ ಓದಿದರೆ ಅರ್ಥವಾಗುವ ಎರಡು ಸಾಲು. ಎರಡನೆಯದಕ್ಕೆ ಚಿತ್ರವಿಲ್ಲ, ವಿವರಣೆಯಿಲ್ಲ. ಶೀರ್ಷಿಕೆಯ ಜಾಗದಲ್ಲಿ ‘ಹೋಮ್’ ಎಂದಷ್ಟೇ ಇದೆ. ಗ್ರೂಪಿನ ಹಿರಿಯರು ಎರಡನ್ನೂ ನೋಡಿ, ‘ಎರಡನೆಯದು ಮೋಸದ ಲಿಂಕು, ಯಾರೂ ಒತ್ತಬೇಡಿ’ ಎಂದು ತೀರ್ಪು ಕೊಡುತ್ತಾರೆ. ಎಲ್ಲರೂ ಕೈಮುಗಿದ ಇಮೋಜಿ ಹಾಕುತ್ತಾರೆ. ಎರಡನೆಯದು ವಿದ್ಯಾರ್ಥಿವೇತನ ಕೊಡುವ ಸಂಸ್ಥೆಯದೇ ಲಿಂಕು. ಮೊದಲನೆಯದು ಅಕೌಂಟ್ ಖಾಲಿ ಮಾಡುವವರದು.

ಸಂಸ್ಥೆ ಸುಮ್ಮನೆ ಕೂರುವುದಿಲ್ಲ. ಮೊದಲು ‘ಕೆಳಗಿನ ಲಿಂಕ್ ಅಸಲಿ, ದಯವಿಟ್ಟು ನಂಬಿ’ ಎಂದು ಸುತ್ತೋಲೆ ಹೊರಡಿಸುತ್ತದೆ. ನಂಬಿ ಎಂದು ಬೇಡುವುದು ನಕಲಿಯವರ ಶೈಲಿಯೇ ಆದ್ದರಿಂದ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಆಮೇಲೆ ಪೋಸ್ಟರ್ ಬರುತ್ತದೆ. ಅದರಲ್ಲಿ ಲೋಗೊ ಇದೆ, ಪದಾಧಿಕಾರಿಗಳ ನಗುಮುಖ ಇದೆ, ತಳದಲ್ಲಿ ಅರುವತ್ತು ಅಕ್ಷರದ ವಿಳಾಸವೂ ಇದೆ. ಚಿತ್ರದೊಳಗಿನ ವಿಳಾಸವನ್ನು ಒತ್ತಲಾಗದು, ಸಲೀಸಾಗಿ ಕಾಪಿ ಮಾಡಲೂ ಆಗದು. ಅದನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡುವ ತಾಳ್ಮೆ ಇದ್ದವರಿಗಷ್ಟೇ ವಿದ್ಯಾರ್ಥಿವೇತನ ಎಂಬುದು ಬಹುಶಃ ಆಯ್ಕೆಯ ಮಾನದಂಡವೇ ಇರಬೇಕು.

ಇಷ್ಟೆಲ್ಲ ಸರ್ಕಸ್ಸಿಗೆ ಕಾರಣ ನಾಲ್ಕು ಸಾಲಿನ ಕೊರತೆ. ಲಿಂಕ್ ಹಾಕಿದಾಗ ಮೂಡುವ ಆ ಕಾರ್ಡನ್ನು ಆ್ಯಪ್ ತಾನಾಗಿ ಕಲ್ಪಿಸಿಕೊಳ್ಳುವುದಿಲ್ಲ. ಪುಟದ ತಲೆಭಾಗದಲ್ಲಿ ಬರೆದಿಟ್ಟದ್ದನ್ನು ಓದಿ ಹೇಳುತ್ತದೆ, ಅಷ್ಟೇ. ಬರೆಯುವ ರೀತಿಗೆ ಓಪನ್ ಗ್ರಾಫ್ ಎಂದು ಹೆಸರು. ಫೇಸ್‌ಬುಕ್ 2010ರಲ್ಲಿ ಹೊರತಂದದ್ದು. ಇಂದು ವಾಟ್ಸ್‌ಆ್ಯಪ್, ಟೆಲಿಗ್ರಾಂ, ಸಿಗ್ನಲ್ ಎಲ್ಲವೂ ಅದನ್ನೇ ಓದುತ್ತವೆ.

```
<meta property="og:title" content="ವಿದ್ಯಾರ್ಥಿವೇತನ ಅರ್ಜಿ">
<meta property="og:description" content="ಕೊನೆಯ ದಿನ ಮಾರ್ಚ್ 31. ಬೇಕಾದ ದಾಖಲೆಗಳ ಪಟ್ಟಿ ಪುಟದಲ್ಲೇ ಇದೆ.">
<meta property="og:image" content="https://example.org/img/arji.jpg">
<meta property="og:url" content="https://example.org/arji">
```

ನಕಲಿಯವರು ಈ ನಾಲ್ಕು ಸಾಲನ್ನು ಶ್ರದ್ಧೆಯಿಂದ ಬರೆದಿದ್ದಾರೆ. ಅವರಿಗೆ ಗಿರಾಕಿ ಬೇಕು. ಈ ಸಾಲುಗಳಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ತಪಾಸಣೆ ಎಂಬುದಿಲ್ಲ. ಹಾಗಾಗಿ ಕಾರ್ಡಿನ ಅಂದ ನೋಡಿ ಅಸಲಿ ಎನ್ನುವುದು ಪೇಟ ನೋಡಿ ಹೆಣ್ಣು ಕೊಟ್ಟ ಹಾಗೆ. ನೋಡಬೇಕಾದ್ದು ಸಂದೇಶದಲ್ಲಿರುವ ವಿಳಾಸವನ್ನು. ಆದರೆ ಅಸಲಿಯವರು ಪೇಟವನ್ನೇ ಸುತ್ತದೆ ಮದುವೆ ಮನೆಗೆ ಬಂದರೆ ಬಾಗಿಲಲ್ಲೇ ತಡೆಯುತ್ತಾರಲ್ಲ, ಅದು ಬೇರೆ ಸಮಸ್ಯೆ.

ಸಂಸ್ಥೆಯನ್ನು ಕೇಳಿದರೆ, ‘ನಮ್ಮಲ್ಲಿ ಟ್ಯಾಗ್ ಎಲ್ಲಾ ಇದೆ, ಬ್ರೌಸರಿನಲ್ಲಿ ನೋಡಿ’ ಎನ್ನುತ್ತಾರೆ. ಬ್ರೌಸರಿನ ಇನ್‌ಸ್ಪೆಕ್ಟ್ ತೆರೆದರೆ ನಿಜಕ್ಕೂ ನಾಲ್ಕೂ ಸಾಲು ಕಾಣುತ್ತವೆ. ರೋಗದ ಬೇರು ಇಲ್ಲೇ ಇದೆ. ಅವರ ಪುಟ ಪೂರ್ತಿ ಜಾವಾಸ್ಕ್ರಿಪ್ಟಿನಲ್ಲಿ ಕಟ್ಟಿದ್ದು. ಸರ್ವರ್ ಕಳಿಸುವುದು ಖಾಲಿ ಡಬ್ಬ. ಬ್ರೌಸರ್ ಅದನ್ನು ತೆರೆದು, ಸ್ಕ್ರಿಪ್ಟ್ ಓಡಿಸಿ, ಶೀರ್ಷಿಕೆಯಿಂದ ಹಿಡಿದು ಟ್ಯಾಗ್‌ವರೆಗೆ ಎಲ್ಲವನ್ನೂ ಆಮೇಲೆ ತುಂಬಿಕೊಳ್ಳುತ್ತದೆ. ಕಾರ್ಡ್ ತಯಾರಿಸುವ ಆ್ಯಪಿಗೆ ಅಷ್ಟು ಪುರುಸೊತ್ತಿಲ್ಲ. ಅದು ಬಂದ ಎಚ್‌ಟಿಎಂಎಲ್ ಅನ್ನು ಓದುತ್ತದೆ, ಸ್ಕ್ರಿಪ್ಟ್ ಓಡಿಸುವುದಿಲ್ಲ. ಡಬ್ಬ ಖಾಲಿ ಎಂದು ಕಂಡರೆ ಖಾಲಿ ಎಂದೇ ಹೇಳಿ ಹೊರಡುತ್ತದೆ.

ಆ್ಯಪಿಗೆ ಕಾಣುವುದನ್ನು ನಮ್ಮ ಕಣ್ಣಿನಿಂದ ನೋಡಲು ಕಂಪ್ಯೂಟರಿನ ಟರ್ಮಿನಲ್ಲಿನಲ್ಲಿ ಒಂದೇ ಸಾಲು ಸಾಕು:

```
curl -sL -A "WhatsApp/2" https://example.org/arji | grep -iE "<title|og:"
```

`-L` ಎಂದರೆ ಪುಟ ಬೇರೆಡೆಗೆ ಕಳಿಸಿದರೆ ಹಿಂಬಾಲಿಸು ಎಂದು. `-A` ಎಂದರೆ ವಾಟ್ಸ್‌ಆ್ಯಪ್ ಬಂದಿದೆ ಎಂದು ಸರ್ವರಿಗೆ ಹೇಳು ಎಂದು. ಸರಿಯಾದ ಪುಟವಾದರೆ ನಾಲ್ಕು ಸಾಲೂ ಉದುರುತ್ತವೆ. ನಮ್ಮ ಸಂಸ್ಥೆಯ ಪುಟದಿಂದ ಉದುರಿದ್ದು ಇಷ್ಟು:

```
<title>ಹೋಮ್</title>
```

ಪುಟ ಯಾವುದೇ ಇರಲಿ, ಅರ್ಜಿಯಾಗಲಿ ಫಲಿತಾಂಶವಾಗಲಿ, ಉತ್ತರ ಇದೇ. ಎಲ್ಲಕ್ಕೂ ಒಂದೇ ಖಾಲಿ ಡಬ್ಬ ಹೋಗುತ್ತಿರುವುದರ ಗುರುತು ಇದು. ‘ಗೂಗಲ್‌ನಲ್ಲಿ ಸರಿಯಾಗಿ ಬರುತ್ತಲ್ಲ’ ಎಂಬುದು ಮುಂದಿನ ವಾದ. ಬರುತ್ತದೆ, ಯಾಕೆಂದರೆ ಗೂಗಲ್ ಸ್ಕ್ರಿಪ್ಟ್ ಓಡಿಸಿ ನೋಡುವ ಕಷ್ಟ ತೆಗೆದುಕೊಳ್ಳುತ್ತದೆ. ಪಕ್ಕದ ಮನೆಯವರು ಕರೆದು ಊಟ ಹಾಕಿದರು ಎಂದು ನಮ್ಮ ಮನೆಯಲ್ಲಿ ಒಲೆ ಹೊತ್ತಿದಂತಾಗುವುದಿಲ್ಲ. ಪರಿಹಾರ ಇಷ್ಟೇ: ಈ ಸಾಲುಗಳನ್ನು ಸರ್ವರೇ ಬರೆದು ಕಳಿಸಬೇಕು. ಇಡೀ ತಾಣವನ್ನು ಬದಲಿಸುವುದು ದೊಡ್ಡ ಕೆಲಸವಾದರೆ, ಜನ ಹಂಚಿಕೊಳ್ಳುವ ಹತ್ತಾರು ಪುಟಗಳಿಗಾದರೂ ಮೊದಲೇ ಸಿದ್ಧವಾದ ಎಚ್‌ಟಿಎಂಎಲ್ ಇಡಬೇಕು. ಉಳಿದದ್ದು ಎಂದಿನಂತೆ ಸ್ಕ್ರಿಪ್ಟಿನಲ್ಲೇ ನಡೆಯಲಿ, ಯಾರ ತಕರಾರೂ ಇಲ್ಲ.

ಶೀರ್ಷಿಕೆ ಬಂತು ಎಂದಿಟ್ಟುಕೊಳ್ಳಿ. ಈಗ ಚಿತ್ರದ ಸರದಿ. ಸಂಸ್ಥೆ ಮೊದಲು ಕೊಟ್ಟದ್ದು `/img/logo.svg`. ಇದರಲ್ಲಿ ತಪ್ಪು ಎರಡು. ಒಂದು, ವಿಳಾಸ ಅರ್ಧಂಬರ್ಧ. ಬ್ರೌಸರಾದರೆ ತಾನಿರುವ ತಾಣದ ಹೆಸರನ್ನು ಮುಂದೆ ಸೇರಿಸಿಕೊಂಡು ಹುಡುಕುತ್ತದೆ. ಕಾರ್ಡ್ ಮಾಡುವವರೆಲ್ಲ ಅಷ್ಟು ಉಪಕಾರಿಗಳಲ್ಲ, ಅವರಿಗೆ `https://` ಇಂದ ಶುರುವಾಗುವ ಪೂರ್ತಿ ವಿಳಾಸವನ್ನೇ ಕೊಡಬೇಕು. ಎರಡು, ಎಸ್‌ವಿಜಿ ಚಿತ್ರ ಕಾರ್ಡಿನಲ್ಲಿ ಮೂಡುವುದಿಲ್ಲ. ಜೆಪೆಗ್ ಅಥವಾ ಪಿಎನ್‌ಜಿ ಬೇಕು.

ಇದನ್ನು ಹೇಳಿದ ಮೇಲೆ ಬಂದದ್ದು ಉದ್ಘಾಟನಾ ಸಮಾರಂಭದ ಗುಂಪು ಫೋಟೊ. ಕ್ಯಾಮೆರಾದಿಂದ ಇಳಿಸಿದ್ದು ಇಳಿಸಿದ ಹಾಗೆಯೇ, ತೂಕ 8 ಎಂಬಿ. ವಾಟ್ಸ್‌ಆ್ಯಪ್ ಬಯಸುವುದು 600 ಕೆಬಿಗಿಂತ ಹಗುರವಾದ, ಕನಿಷ್ಠ 300 ಪಿಕ್ಸೆಲ್ ಅಗಲದ ಚಿತ್ರವನ್ನು. ಅದಕ್ಕಿಂತ ಭಾರವಾದರೆ ಚಿತ್ರವನ್ನು ಬಿಟ್ಟು ಅಕ್ಷರವನ್ನಷ್ಟೇ ತೋರಿಸಿ ಕೈ ತೊಳೆದುಕೊಳ್ಳಬಹುದು. ದೂರು ಹೇಳುವುದಿಲ್ಲ, ಕಾರಣ ಕೊಡುವುದಿಲ್ಲ. ಹೆಚ್ಚಿನ ಕಡೆ ಒಪ್ಪುವ ಅಳತೆ 1200×630. ಆ ಅಳತೆಗೆ ಕತ್ತರಿಸಿ ಜೆಪೆಗ್ ಮಾಡಿದರೆ ಸಾಮಾನ್ಯವಾಗಿ 200 ಕೆಬಿಯೊಳಗೇ ಮುಗಿಯುತ್ತದೆ. ಕೆಲವು ಕಡೆ ಕಾರ್ಡ್ ಚಿಕ್ಕದಾಗಿ, ಚೌಕವಾಗಿ ಮೂಡುವುದರಿಂದ ಮುಖ್ಯವಾದದ್ದು ನಡುವೆ ಇರಲಿ. ಅಂಚಿನಲ್ಲಿ ನಿಂತ ಪದಾಧಿಕಾರಿಗಳು ಕತ್ತರಿಗೆ ಸಿಕ್ಕಿ ಮಾಯವಾಗುತ್ತಾರೆ. ಅದರ ಚರ್ಚೆಗೇ ಒಂದು ಸಭೆ ಬೇಕಾಗಬಹುದು.

ಇನ್ನು ವಿವರಣೆ. ಇಲ್ಲಿ ಕನ್ನಡಕ್ಕೇ ಮೀಸಲಾದಂಥ ಒಂದು ಅವಮಾನ ಕಾದಿರುತ್ತದೆ. ವಿವರಣೆಯನ್ನು ಯಾರೂ ಬರೆಯುವುದಿಲ್ಲ. ಪುಟದ ಮೊದಲ ಪ್ಯಾರಾವನ್ನು ನೂರು ‘ಅಕ್ಷರ’ಕ್ಕೆ ಕತ್ತರಿಸು ಎಂದು ಪ್ರೋಗ್ರಾಮಿಗೆ ವಹಿಸಿರುತ್ತಾರೆ. ಪಿಎಚ್‌ಪಿ ಭಾಷೆಯ `substr` ಎಣಿಸುವುದು ಅಕ್ಷರವನ್ನಲ್ಲ, ಬೈಟನ್ನು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಆದ್ದರಿಂದ ಅಲ್ಲಿ ಎರಡೂ ಒಂದೇ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ‘ಅರ್ಜಿ’ ಎಂಬ ಎರಡಕ್ಷರದ ಪದದಲ್ಲಿ ಅ, ರ, ಹಲಂತದ ಚಿಹ್ನೆ, ಜ, ಇಕಾರ ಎಂದು ಐದು ಚಿಹ್ನೆ, ಒಟ್ಟು 15 ಬೈಟ್. ಹತ್ತಕ್ಕೆ ಕತ್ತರಿ ಹಾಕಿದರೆ ಮೂರು ಚಿಹ್ನೆ ಪೂರ್ತಿ ಸಿಗುತ್ತವೆ, ನಾಲ್ಕನೆಯದರ ಒಂದು ಬೈಟ್ ಅನಾಥವಾಗುತ್ತದೆ. ಕಾರ್ಡಿನಲ್ಲಿ ಮೂಡುವುದು:

```
ಅರ್�
```

ಅರ್ಜಿ ಹಾಕಬೇಕಾದವನಿಗೆ ‘ಅರ್’ ಎಂದು ಗದರಿಸಿ ಪ್ರಶ್ನೆ ಚಿಹ್ನೆ ತೋರಿಸಿದಂತಾಯಿತು. ಇದೇ ವಾಸಿ ಎನ್ನಿಸುವ ಪ್ರಸಂಗವೂ ಇದೆ. ಹೀಗೆ ತುಂಡಾದ ಸಾಲನ್ನು ಪಿಎಚ್‌ಪಿ 8.1ಕ್ಕಿಂತ ಹಳೆಯದರಲ್ಲಿ ವಿಶೇಷ ಚಿಹ್ನೆಗಳನ್ನು ಪುಟಕ್ಕೆ ಒಗ್ಗಿಸುವ `htmlspecialchars`ಗೆ ಕೊಟ್ಟರೆ, ಬೇರೆ ಸೂಚನೆ ಇಲ್ಲದಿದ್ದಾಗ, ಅದು ಇಡೀ ಸಾಲನ್ನೇ ನುಂಗಿ ಖಾಲಿಯನ್ನು ಹಿಂದಿರುಗಿಸುತ್ತದೆ. ಕೆಲವು ಪುಟದಲ್ಲಿ ವಿವರಣೆ ಇದೆ, ಕೆಲವದರಲ್ಲಿ ಇಲ್ಲವೇ ಇಲ್ಲ ಎಂಬ ಗೂಢಕ್ಕೆ ಎಷ್ಟೋ ಸಲ ಇದೇ ಕಾರಣ: ಕತ್ತರಿ ಎಲ್ಲಿ ಚಿಹ್ನೆಯ ಸಂದಿಗೇ ಬಿತ್ತೋ ಅಲ್ಲಿ ಬದುಕಿತು, ನಡುವೆ ಬಿದ್ದಲ್ಲಿ ಸತ್ತಿತು. ಬೈಟಿನ ಬದಲು ಚಿಹ್ನೆ ಎಣಿಸುವ `mb_substr` ಬಳಸಿದರೆ ಚಿಹ್ನೆ ಒಡೆಯುವುದಿಲ್ಲ ನಿಜ, ಆದರೆ ಒತ್ತಕ್ಷರ ಒಡೆದು ‘ಅರ್’ ಎಂದು ನಿಲ್ಲುವುದು ತಪ್ಪುವುದಿಲ್ಲ. ಕತ್ತರಿಸಲೇಬೇಕಾದರೆ ಹಿಂದಕ್ಕೆ ಹೋಗಿ ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ. ಅದಕ್ಕಿಂತ, ಕೊನೆಯ ದಿನ ಯಾವುದು, ಪುಟದಲ್ಲಿ ಏನಿದೆ ಎಂದು ಎರಡು ಸಾಲನ್ನು ಕೈಯಿಂದಲೇ ಬರೆಯುವುದು ಒಳ್ಳೆಯದು. ಸುತ್ತೋಲೆಗೆ ನಾಲ್ಕು ಪುಟ ಬರೆಯುವ ಕೈಗೆ ಇದೇನು ಭಾರವಲ್ಲ.

ಎಲ್ಲ ಸರಿಯಾಯಿತು. curl ಓಡಿಸಿದರೆ ನಾಲ್ಕೂ ಸಾಲು ಬಂತು. ಸಂತೋಷದಿಂದ ಲಿಂಕ್ ಹಾಕಿದರೆ ಮತ್ತೆ ‘ಹೋಮ್’! ಈಗ ಡೆವಲಪರನ್ನು ಬೈಯುವ ಮುನ್ನ ಒಂದು ಕ್ಷಣ ತಡೆಯಿರಿ. ಒಮ್ಮೆ ಓದಿದ್ದನ್ನು ಇವರೆಲ್ಲ ನೆನಪಿಟ್ಟುಕೊಳ್ಳುತ್ತಾರೆ. ಫೇಸ್‌ಬುಕ್ಕಿನ ನೆನಪು ಅಳಿಸಲು ಅದರ ಶೇರಿಂಗ್ ಡೀಬಗರ್ ಪುಟಕ್ಕೆ ಹೋಗಿ, ವಿಳಾಸ ಕೊಟ್ಟು, `Scrape Again` ಒತ್ತಬೇಕು. ಟೆಲಿಗ್ರಾಂನಲ್ಲಿ `@WebpageBot`ಗೆ ಲಿಂಕ್ ಕಳಿಸಿದರೆ ಹೊಸದಾಗಿ ಓದುತ್ತದೆ. ವಾಟ್ಸ್‌ಆ್ಯಪಿನಲ್ಲಿ ಇಂಥ ಕಚೇರಿ ಇಲ್ಲ. ವಿಳಾಸದ ಬಾಲಕ್ಕೆ `?v=2` ಅಂಟಿಸಿದರೆ ಅದಕ್ಕೆ ಹೊಸ ವಿಳಾಸವಾಗಿ ಕಂಡು ಮತ್ತೊಮ್ಮೆ ಓದುತ್ತದೆ. ಇದು ಪರೀಕ್ಷೆಗೂ ಅನುಕೂಲ, ಮರುಹಂಚಿಕೆಗೂ ಸಾಕು.

ವಾಟ್ಸ್‌ಆ್ಯಪಿನ ಇನ್ನೊಂದು ಗುಟ್ಟು ಗೊತ್ತಿದ್ದರೆ ಅರ್ಧ ಜಗಳ ಕಡಿಮೆ. ಅಲ್ಲಿ ಪುಟವನ್ನು ಓದುವುದು ಕಳಿಸುವವರ ಫೋನು, ಅದೂ ಲಿಂಕ್ ಟೈಪಾದ ಗಳಿಗೆಯಲ್ಲಿ. ಆಗ ತಯಾರಾದ ಕಾರ್ಡು ಸಂದೇಶದ ಜೊತೆಗೇ ಹೊರಡುತ್ತದೆ. ಪೇಸ್ಟ್ ಮಾಡಿದ ತಕ್ಷಣ ಅವಸರಕ್ಕೆ ಕಳಿಸು ಒತ್ತಿದರೆ ಕಾರ್ಡ್ ಹುಟ್ಟುವ ಮುನ್ನವೇ ಸಂದೇಶ ಹೋಗಿರುತ್ತದೆ. ಟೈಪ್ ಮಾಡುವ ಜಾಗದ ಮೇಲೆ ಕಾರ್ಡ್ ಕಾಣುವವರೆಗೆ ಎರಡು ಸೆಕೆಂಡ್ ಕಾಯಬೇಕು. ಒಮ್ಮೆ ಹೋದ ಸಂದೇಶದ ಕಾರ್ಡನ್ನು ಸರ್ವರಿನಲ್ಲಿ ಏನೇ ತಿದ್ದಿದರೂ ಬದಲಿಸಲಾಗದು. ಹಾಗಾಗಿ ಕ್ರಮ ಹೀಗಿರಬೇಕು: ಮೊದಲು ಟ್ಯಾಗ್, ಆಮೇಲೆ curl, ಆಮೇಲೆ ತಮಗೇ ಒಂದು ಸಂದೇಶ ಕಳಿಸಿ ನೋಡುವುದು, ಕೊನೆಗೆ ಗ್ರೂಪು. ಸಂಸ್ಥೆಯ ಕ್ರಮ ಇದಕ್ಕೆ ತದ್ವಿರುದ್ಧ. ಮೊದಲು ಎಲ್ಲ ಗ್ರೂಪಿಗೂ ಲಿಂಕ್ ಹೋಗಿದೆ, ಕಾರ್ಡ್ ಕಂಡದ್ದು ಆಮೇಲೆ. ಈಗ ಪುಟ ಚೊಕ್ಕವಾಗಿದೆ, ಹೊಸದಾಗಿ ಕಳಿಸಿದರೆ ಶೀರ್ಷಿಕೆ, ಚಿತ್ರ, ವಿವರಣೆ ಮೂರೂ ಬರುತ್ತವೆ. ಆದರೆ ಹೊಸದಾಗಿ ಕಳಿಸುವವರು ಯಾರೂ ಇಲ್ಲ. ಎಲ್ಲರೂ ಹಳೆಯ ಸಂದೇಶವನ್ನೇ ಫಾರ್ವರ್ಡ್ ಮಾಡುತ್ತಿದ್ದಾರೆ, ಅದರ ನೆತ್ತಿಯ ಮೇಲೆ ‘ಹೋಮ್’ ಹಾಗೇ ಕೂತಿದೆ, ಅದರಡಿ ಹಿರಿಯರ ಎಚ್ಚರಿಕೆಯೂ ಜೊತೆಗೇ ಸಾಗುತ್ತಿದೆ.